ವಧೂವರರ ಫೋಟೊ: ಇಂದಿನದೇ, ಅವರದೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ ಪುಣೆಯಲ್ಲಿ ಕೆಲಸದಲ್ಲಿರುವ ಹುಡುಗನ ಸಂಬಂಧ ಬಂದಿದೆ. ಮಧ್ಯವರ್ತಿಗಳು ವಾಟ್ಸಾಪ್‌ನಲ್ಲಿ ಮೂರು ಫೋಟೊ ಕಳುಹಿಸಿದ್ದಾರೆ: ಸ್ಟುಡಿಯೊದಲ್ಲಿ ತೆಗೆಸಿದ್ದು ಒಂದು, ಕಪ್ಪು ಕನ್ನಡಕ ಹಾಕಿ ಬೆಟ್ಟದ ಮೇಲೆ ನಿಂತದ್ದು ಒಂದು, ನೆಂಟರ ಮದುವೆಯ ಗುಂಪಿನಲ್ಲಿ ಒಂದು. ಮೂರರಲ್ಲೂ ಮುಖ ಒಂದೇ ತರಹ ಕಾಣುವುದಿಲ್ಲ. ಫೈಲಿನ ಹೆಸರಿನಲ್ಲಿ ಮಾತ್ರ ಈ ವರ್ಷದ ದಿನಾಂಕವೇ ಇದೆ. ಹಿಂದೊಮ್ಮೆ ಹೆಣ್ಣು ನೋಡಲು ಬಂದ ಹುಡುಗ ಫೋಟೊಗಿಂತ ಬಹಳ ಬೇರೆಯಾಗಿದ್ದು, ಮಗಳು ತುಂಬ ನೊಂದುಕೊಂಡಳು. ಈ ಹುಡುಗನ ಮನೆಯವರ ಮನಸ್ಸಿಗೆ ನೋವಾಗದಂತೆ ಮೊದಲೇ ತಿಳಿದುಕೊಳ್ಳುವುದು ಹೇಗೆ?

ಉತ್ತರ: ಮೊದಲು ಫೈಲಿನ ಹೆಸರಿನ ವಿಷಯ ಹೇಳುತ್ತೇನೆ, ಏಕೆಂದರೆ ಅನೇಕರು ನಂಬಿ ಮೋಸಹೋಗುವುದು ಅದನ್ನೇ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಚಿತ್ರಗಳು IMG-20250214-WA0007.jpg ಎಂಬಂತಹ ಹೆಸರಿನಲ್ಲಿ ಉಳಿಯುತ್ತವೆ. ಅದರಲ್ಲಿರುವ ದಿನಾಂಕ ಚಿತ್ರವು ವಾಟ್ಸಾಪ್ ಮೂಲಕ ಆ ಫೋನಿಗೆ ಬಂದ ದಿನವೇ ಹೊರತು ಫೋಟೊ ತೆಗೆದ ದಿನವಲ್ಲ. ಹತ್ತು ವರ್ಷ ಹಿಂದಿನ ಫೋಟೊವನ್ನು ನಿನ್ನೆ ಕಳುಹಿಸಿದ್ದರೆ ಹೆಸರಿನಲ್ಲಿ ನಿನ್ನೆಯ ದಿನಾಂಕವೇ ಇರುತ್ತದೆ. ಫೋಟೊ ತೆಗೆಯುವಾಗ ಕ್ಯಾಮೆರಾ ಆ ದಿನಾಂಕವನ್ನು ಚಿತ್ರದ ಫೈಲಿನೊಳಗೆ ಬರೆದಿಡುತ್ತದೆ ನಿಜ. ಆದರೆ ವಾಟ್ಸಾಪ್‌ನಲ್ಲಿ ಸಾಧಾರಣ ಫೋಟೊವಾಗಿ ಕಳುಹಿಸಿದಾಗ ಆ ಮಾಹಿತಿ ಅಳಿಸಿಹೋಗುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿದುಕೊಳ್ಳುತ್ತದೆ, ಫೋನಿನ ಗ್ಯಾಲರಿಯಲ್ಲಿ ಚಿತ್ರದ ವಿವರ ತೆರೆದರೆ ಕಾಣಿಸುತ್ತದೆ. ಇದಕ್ಕೂ ಮಿತಿಯಿದೆ. ಆಲ್ಬಮ್ಮಿನ ಹಳೆಯ ಪ್ರಿಂಟಿನ ಮೇಲೆ ಇಂದು ಫೋನ್ ಹಿಡಿದು ತೆಗೆದರೆ ಇಂದಿನ ದಿನಾಂಕವೇ ಬರುತ್ತದೆ, ಮತ್ತು ಬಲ್ಲವರು ಆ ದಿನಾಂಕವನ್ನು ತಿದ್ದಲೂಬಹುದು. ಆದ್ದರಿಂದ ಇದನ್ನು ಸುಳಿವೆಂದು ನೋಡಿ, ಸಾಕ್ಷಿಯೆಂದು ಹಿಡಿಯಬೇಡಿ.

ನಿಮ್ಮ ಬಳಿ ಇರುವ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು ಮದುವೆಯ ಗುಂಪಿನ ಫೋಟೊ. ಸ್ಟುಡಿಯೊದ ಚಿತ್ರದಲ್ಲಿ ತ್ವಚೆ ನುಣುಪಾಗಿಸುವುದು, ಬಣ್ಣ ತಿಳಿಮಾಡುವುದು, ಗಲ್ಲ ಕಿರಿದಾಗಿಸುವುದು ಎಷ್ಟೋ ಕಡೆ ಕೇಳದೆಯೇ ಮಾಡಿಕೊಡುವ ಕೆಲಸ. ಹುಡುಗನಿಗೆ ಅದು ಗೊತ್ತೂ ಇರಲಾರದು. ಅನೇಕ ಫೋನುಗಳ ಮುಂಬದಿಯ ಕ್ಯಾಮೆರಾ ಕೂಡ ತಾನಾಗಿಯೇ ಮುಖವನ್ನು ನುಣುಪು ಮಾಡುತ್ತದೆ. ಗುಂಪಿನ ಫೋಟೊವನ್ನು ಯಾರೂ ಅಷ್ಟು ಶ್ರಮಪಟ್ಟು ತಿದ್ದುವುದಿಲ್ಲ, ತಿದ್ದಿದರೂ ಒಂದೇ ಮುಖವನ್ನು ತಿದ್ದಿರುತ್ತಾರೆ. ಆಗ ಆ ಮುಖ ಮಾತ್ರ ಪಕ್ಕದವರ ಮುಖಗಳಿಗಿಂತ ಬೇರೆ ಬೆಳಕಿನಲ್ಲಿದ್ದಂತೆ ಕಾಣುತ್ತದೆ, ಕುತ್ತಿಗೆ ಮತ್ತು ಕೈಗಳ ಬಣ್ಣ ಮುಖದ ಬಣ್ಣಕ್ಕೆ ಹೊಂದುವುದಿಲ್ಲ. ಮೈಕಟ್ಟನ್ನು ತೆಳ್ಳಗೆ ಮಾಡಿದ್ದರೆ ಹಿಂದಿನ ಬಾಗಿಲ ಚೌಕಟ್ಟು, ಕಂಬ, ಟೈಲ್ಸ್‌ನಂತಹ ನೇರ ಗೆರೆಗಳು ತೋಳು ಅಥವಾ ಸೊಂಟದ ಹತ್ತಿರ ಬಾಗಿರುತ್ತವೆ.

ಫೋಟೊದ ವಯಸ್ಸು ಕೂಡ ಇಲ್ಲಿಯೇ ಸಿಗುತ್ತದೆ. ವೇದಿಕೆಯ ಹಿಂದೆ ವಧೂವರರ ಹೆಸರು ಬರೆದಿದ್ದರೆ ಅದು ಯಾರ ಮದುವೆಯೆಂದು ಗೊತ್ತಾಗುತ್ತದೆ, ಅದು ಯಾವಾಗ ನಡೆಯಿತೆಂದು ನೆಂಟಸ್ತಿಕೆಯ ಮಾತಿನ ನಡುವೆ ಕೇಳುವುದರಲ್ಲಿ ಯಾರಿಗೂ ನೋವಿಲ್ಲ. ಬಹಳ ಜನ ಮುಖಗವಸು ಹಾಕಿಕೊಂಡಿದ್ದರೆ ಫೋಟೊ 2020-21ರ ಕಾಲದ್ದೆಂದು ಊಹಿಸಬಹುದು. ಮಡಿಲಲ್ಲಿರುವ ಮಗು ಈಗ ಎಷ್ಟನೆಯ ತರಗತಿ ಎಂಬುದು ಇನ್ನೂ ಒಳ್ಳೆಯ ಲೆಕ್ಕ. ಆ ಕೂಸು ಈಗ ಎರಡನೆಯ ತರಗತಿಯಲ್ಲಿದೆ ಎಂದು ಹುಡುಗನ ತಾಯಿಯೇ ಹೇಳಿದರೆ, ಫೋಟೊಗೆ ಆರೇಳು ವರ್ಷ ಆಗಿದೆಯೆಂದು ನಿಮಗೆ ತಿಳಿದುಹೋಯಿತು. ಅಷ್ಟು ವರ್ಷಗಳಲ್ಲಿ ಕೂದಲು ಉದುರಿರಬಹುದು, ತೂಕ ಹೆಚ್ಚಿರಬಹುದು. ಅದನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ. ಸಂಬಂಧ ನೋಡಲು ಆರಂಭಿಸಿದ ವರ್ಷದಲ್ಲಿ ತೆಗೆಸಿದ ಒಂದೇ ಫೋಟೊ ವರ್ಷಗಟ್ಟಲೆ ಕೈಯಿಂದ ಕೈಗೆ ಹೋಗುವುದು ನಮ್ಮಲ್ಲಿ ಸಾಮಾನ್ಯ.

ಬೇರೆಯವರ ಫೋಟೊ ಬಳಸುವುದು ಮಾತ್ರ ಬೇರೆಯೇ ವಿಷಯ. ಇದಕ್ಕೆ ಗೂಗಲ್ ಲೆನ್ಸ್‌ನಲ್ಲಿ ಚಿತ್ರದಿಂದಲೇ ಹುಡುಕಬಹುದು. ಬೆಟ್ಟದ ಫೋಟೊವನ್ನು ಮೊದಲು ಇಡಿಯಾಗಿ, ಆಮೇಲೆ ಮುಖವನ್ನಷ್ಟೇ ಕತ್ತರಿಸಿ, ಕೊನೆಗೆ ಎಡಬಲ ತಿರುಗಿಸಿ ಹುಡುಕಿ, ಏಕೆಂದರೆ ಕದ್ದವರು ಹಲವು ಸಲ ಸಿಕ್ಕಿಬೀಳಬಾರದೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿರುತ್ತಾರೆ. ಲೆನ್ಸ್ ಹೋಲುವ ಮುಖಗಳನ್ನೂ ತೋರಿಸುತ್ತದೆ. ಹೋಲಿಕೆ ಕಂಡ ಮಾತ್ರಕ್ಕೆ ಗಾಬರಿಯಾಗದೆ ಅಂಗಿಯ ಮಡಿಕೆ, ಹಿಂದಿನ ಕಲ್ಲು, ಮೋಡ ಎಲ್ಲವೂ ಒಂದೇ ಆಗಿದೆಯೇ ನೋಡಿ. ಅದೇ ಚಿತ್ರ ಬೇರೊಂದು ಹೆಸರಿನಲ್ಲಿ ಇದ್ದರೆ ಮಧ್ಯವರ್ತಿಗಳಿಗೆ ತೋರಿಸಿ ವಿವರಣೆ ಕೇಳಿ, ಉತ್ತರ ಸಮರ್ಪಕವಾಗಿ ಬರುವವರೆಗೆ ಮಾತು ನಿಲ್ಲಿಸಿ. ಏನೂ ಸಿಗದಿದ್ದರೆ ಫೋಟೊ ಅವರದೇ ಎಂದು ಅರ್ಥವಲ್ಲ. ಖಾಸಗಿಯಾಗಿಟ್ಟ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ಚಿತ್ರಗಳು ಈ ಹುಡುಕಾಟಕ್ಕೆ ಸಿಗುವುದಿಲ್ಲ.

ಕೆಲವರು ಈ ಹಂತದಲ್ಲಿ ಆಧಾರ್ ಕಾರ್ಡಿನ ಪ್ರತಿ ಕೇಳುತ್ತಾರೆ. ಅದರಿಂದ ಹೆಸರು ಮತ್ತು ಹುಟ್ಟಿದ ದಿನಾಂಕ ತಿಳಿಯಬಹುದು, ಆದರೆ ಈಗಿನ ರೂಪ ತಿಳಿಯುವುದಿಲ್ಲ. ಆಧಾರ್‌ನ ಫೋಟೊವೇ ಹತ್ತು ವರ್ಷ ಹಳೆಯದಿರಬಹುದು. ಮಾತುಕತೆ ಮುಂದುವರಿದ ಮೇಲೆ ಗುರುತಿಗೆ ಬೇಕೇಬೇಕೆಂದರೆ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಇನ್ನು ಕೇಳುವ ರೀತಿ. ಮೊದಲು ನೀವು ಕೊಟ್ಟು ಆಮೇಲೆ ಕೇಳಿ. ಮಗಳ ಒಪ್ಪಿಗೆ ಪಡೆದು, ಹಗಲು ಬೆಳಕಿನಲ್ಲಿ, ಹಿಂಬದಿಯ ಕ್ಯಾಮೆರಾದಿಂದ, ಯಾವ ಫಿಲ್ಟರೂ ಇಲ್ಲದೆ ಮುಖದ್ದೊಂದು, ನಿಂತದ್ದೊಂದು ಫೋಟೊ ತೆಗೆದು ಕಳುಹಿಸಿ, ಜೊತೆಗೆ ಹೀಗೆ ಬರೆಯಿರಿ: “ನಮ್ಮ ಮಗಳ ಫೋಟೊ ಸ್ವಲ್ಪ ಹಳೆಯದಾಗಿತ್ತು, ಈ ವಾರ ಮನೆಯಲ್ಲಿ ತೆಗೆದದ್ದನ್ನು ಕಳುಹಿಸಿದ್ದೇವೆ. ನಿಮ್ಮ ಹುಡುಗನದೂ ಹೀಗೇ ಒಂದೆರಡು ಇದ್ದರೆ ಕಳುಹಿಸಿ, ಎರಡೂ ಮನೆಯವರಿಗೆ ಅನುಕೂಲ.” ಇದರಲ್ಲಿ ಅನುಮಾನದ ಸೊಲ್ಲಿಲ್ಲ. ಹೆಚ್ಚಿನ ಕುಟುಂಬಗಳು ಎರಡು ಮೂರು ದಿನದಲ್ಲಿ ಕಳುಹಿಸುತ್ತವೆ.

ಪುಣೆಗೆ ಹೋಗುವ ಅಥವಾ ಅವರನ್ನು ಕರೆಸುವ ಮೊದಲು ಎರಡೂ ಮನೆಯವರು ಕೂತು ಹತ್ತು ಹದಿನೈದು ನಿಮಿಷ ವಿಡಿಯೊ ಕರೆಯಲ್ಲಿ ಮಾತನಾಡಿ. ಕಿಟಕಿಗೆ ಎದುರಾಗಿ ಕೂತರೆ ಬೆಳಕು ಚೆನ್ನಾಗಿರುತ್ತದೆ. ವಾಟ್ಸಾಪ್ ಕರೆಯಲ್ಲಿಯೂ ಈಗ ಮುಖ ನುಣುಪು ಮಾಡುವ ಸೌಲಭ್ಯವಿದೆ. ಆದ್ದರಿಂದ ಪರದೆಯ ತ್ವಚೆಯನ್ನಲ್ಲ, ಮುಖದ ಆಕಾರ, ಹಣೆಯ ಕೂದಲ ಗೆರೆ, ಮಾತಾಡುವಾಗಿನ ಚಹರೆ ಇವನ್ನು ನೋಡಿ. ಕೈ ಮುಖದ ಮುಂದೆ ಹಾದುಹೋದಾಗ, ತಲೆ ಪಕ್ಕಕ್ಕೆ ತಿರುಗಿದಾಗ ಫಿಲ್ಟರಿನ ಅಂಚು ಅಲುಗಾಡುವುದುಂಟು. ಅದಕ್ಕಾಗಿ ತಲೆ ತಿರುಗಿಸು ಎಂದು ಹುಡುಗನಿಗೆ ಹೇಳಬೇಡಿ, ಅದು ವಿಚಾರಣೆಯಾಗುತ್ತದೆ. ಅವರ ಅಜ್ಜಿಯನ್ನು ಮಾತಾಡಿಸಬೇಕು ಎಂದು ಕೇಳಿದರೆ ಅವನೇ ಫೋನ್ ಎತ್ತಿಕೊಂಡು ಓಡಾಡುತ್ತಾನೆ. ಒಂದು ಸಲ ಕ್ಯಾಮೆರಾ ಹಾಳಾಗಿದೆ ಎಂದರೆ ನಂಬೋಣ. ಮೂರು ಸಲ ಅದೇ ಕಾರಣ ಬಂದರೆ ಸಂಬಂಧ ಬಿಟ್ಟುಬಿಡಿ.

ಮುಖಾಮುಖಿ ಭೇಟಿಗೆ ಮೊದಲು ಯಾವ ನೆಪದಲ್ಲೇ ಆಗಲಿ ಆ ಕಡೆಯಿಂದ ಹಣದ ಮಾತು ಬಂದರೆ ಫೋಟೊದ ಪರಿಶೀಲನೆಯಲ್ಲಿ ಕಾಲ ಕಳೆಯಬೇಡಿ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆಮಾಡಿ, ಚಾಟ್ ಮತ್ತು ಫೋಟೊಗಳನ್ನು ಅಳಿಸದೆ ಇಟ್ಟುಕೊಳ್ಳಿ. ಗಣಕದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಹುಡುಗನ ಫೋಟೊವನ್ನು ಗುರುತು ಹಿಡಿಯಲೆಂದು ಜಾತಿಬಾಂಧವರ ಅಥವಾ ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಪುಣೆಯಲ್ಲಿರುವ ನಂಬಿಕೆಯ ಒಬ್ಬ ನೆಂಟರಿಗೆ ತೋರಿಸಿದರೆ ಸಾಕು. ಸಂಬಂಧ ಕೂಡಿಬರದಿದ್ದರೆ ಮೂರೂ ಫೋಟೊಗಳನ್ನು ಅಳಿಸಿ, ಅಳಿಸಿದ್ದೇವೆಂದು ಅವರಿಗೆ ತಿಳಿಸಿ, ನಿಮ್ಮ ಮಗಳ ಫೋಟೊಗಳನ್ನೂ ಅಳಿಸಲು ಕೇಳಿಕೊಳ್ಳಿ.