ಓನರ್ ಮೆಸೇಜಿಗೆ ಏನು ಉತ್ತರಿಸೋದು?

"ಪುಣೆಯಲ್ಲಿ ಬಾಡಿಗೆಗಿದ್ದೇನೆ. ಕಸ ಬೇರೆ ಮಾಡಿ, ಗಾಡಿ ನಮ್ಮ ಜಾಗದಲ್ಲೇ ನಿಲ್ಲಿಸಿ, ನೆಂಟರು ಬಂದರೆ ಗೇಟಿಗೆ ತಿಳಿಸಿ ಅಂತ ಓನರ್ ನಯವಾಗಿ ಮೆಸೇಜ್ ಹಾಕಿದ್ದಾರೆ. ಸಿಟ್ಟಾಗಿದ್ದಾರಾ?"

ಸಿಟ್ಟಲ್ಲ ಅನ್ಸುತ್ತೆ. ಅಪಾರ್ಟ್‌ಮೆಂಟ್ ಸೊಸೈಟಿಗೆ ಮೆಂಬರ್ ಅವರು, ನೀವಲ್ಲ. ಹಾಗಾಗಿ ಯಾರದೇ ದೂರಾಗಲಿ, ದಂಡವಾಗಲಿ, ಮೊದಲು ಹೋಗೋದು ಅವರಿಗೇ.

ಮೂರರಲ್ಲಿ ಕಸದ್ದೇ ದೊಡ್ಡದು. ಇಲ್ಲಿ ಬಹಳ ಕಡೆ ಕಸ ಒಯ್ಯೋರು 'ಸ್ವಚ್ಛ್' ಸಹಕಾರಿ ಸಂಸ್ಥೆಯವರು. ಒಣಕಸವನ್ನ ಅವರು ಕೈಯಲ್ಲೇ ವಿಂಗಡಿಸಿ ಮಾರ್ತಾರೆ, ಅದೂ ಅವರ ಸಂಪಾದನೆಯೇ. ಅವರು 'ಓಲಾ' ಅಂದ್ರೆ ಹಸಿ, 'ಸುಕಾ' ಅಂದ್ರೆ ಒಣ. ಎಡವೋದು ಪಾರ್ಸೆಲ್ ಡಬ್ಬಿಯಲ್ಲಿ: ದಾಲ್ ಮೆತ್ತಿದ ಡಬ್ಬಿಯನ್ನ ಹಾಗೇ ಸುಕಾಗೆ ಹಾಕಿದರೆ ಜೊತೆಗಿರೋ ಪೇಪರ್, ರಟ್ಟು ಎಲ್ಲ ಹಾಳು. ಉಳಿದದ್ದನ್ನ ಹಸಿಗೆ ಸುರಿದು, ಡಬ್ಬಿ ತೊಳೆದು ಒಣಕಸಕ್ಕೆ ಹಾಕಿ. ಹಾಲಿನ ಪ್ಯಾಕೆಟ್ಟಿಗೂ ಅಷ್ಟೇ. ಹಸಿಕಸವನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ. ಪ್ಯಾಡ್, ಡೈಪರ್‌ಗಳನ್ನ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಹಾಕಿ ಬೇರೆಯಾಗೇ ಕೊಡಿ. ಬಿಚ್ಚಿ ನೋಡೋ ಕರ್ಮ ಅವರಿಗೆ ತಪ್ಪುತ್ತೆ.

ಪಾರ್ಕಿಂಗಿಗೆ ಬಾಡಿಗೆಯ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ತೆಗೆದು ನೋಡಿ, ಜಾಗದ ನಂಬರ್ ಇದೆಯಾ ಅಂತ. ಇಲ್ಲದಿದ್ದರೆ ಓನರ್ ಕೈಲಿ ಮೆಸೇಜಲ್ಲಾದರೂ ಬರೆಸಿಕೊಳ್ಳಿ. ಪಕ್ಕದವರು ಜಗಳಕ್ಕೆ ಬಂದಾಗ ತೋರಿಸೋಕೆ ಬೇಕಾಗೋದು ಅದೇ. ನಿಮ್ಮ ಗಾಡಿ ನಂಬರ್ ಸೆಕ್ರೆಟರಿ ಹತ್ತಿರ ಬರೆಸಿ.

ನೆಂಟರು ರಾತ್ರಿ ಉಳಿಯೋದಾದರೆ ಮುಂಚೆಯೇ ವಾಚ್‌ಮನ್‌ಗೆ ಹೆಸರು ಕೊಟ್ಟುಬಿಡಿ. ಅವರ ಕಾರಿಗೆ ಜಾಗ ಎಲ್ಲಿ ಅಂತಲೂ ಕೇಳಿಕೊಳ್ಳಿ.

ಓನರಿಗೆ "ಸರಿ ಸಾರ್, ಪಾರ್ಕಿಂಗ್ ನಂಬರ್ ಕಳಿಸ್ತೀರಾ?" ಅಂತ ಇವತ್ತೇ ಹಾಕಿ.