ಸರಾಸರಿ ಏರುತ್ತಲೇ ಇತ್ತು, ಗುರಿ ಕೈತಪ್ಪುತ್ತಲೇ ಇತ್ತು

ಪ್ರಶ್ನೆ: ನಮಗೆ ವರ್ಷಕ್ಕೆ ಒಟ್ಟು 100 ಅಂಕ. ಮೂರು ಕಿರುಪರೀಕ್ಷೆಗಳಿಗೂ ಪ್ರಾಜೆಕ್ಟಿಗೂ ತಲಾ 10, ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆಗಳಿಗೆ ತಲಾ 30. ನನ್ನ ಗುರಿ 85. ಮೊದಲೆರಡು ಕಿರುಪರೀಕ್ಷೆಗಳಲ್ಲಿ 7 ಮತ್ತು 8, ಅರ್ಧವಾರ್ಷಿಕದಲ್ಲಿ 24, ಪ್ರಾಜೆಕ್ಟಿನಲ್ಲಿ 9, ಮೂರನೆಯ ಕಿರುಪರೀಕ್ಷೆಯಲ್ಲಿ 6 ಬಂತು. ಪ್ರತಿ ಸಲವೂ ಸರಾಸರಿ ನೋಡಿಕೊಳ್ಳುತ್ತಿದ್ದೆ, ಸುಧಾರಿಸುತ್ತಿದ್ದೇನೆ ಎಂದೇ ತಿಳಿದಿದ್ದೆ. ಈಗ 85 ಸಾಧ್ಯವೇ ಇಲ್ಲ ಎನ್ನುತ್ತಿದ್ದಾರೆ. ಅದು ಯಾವಾಗ ಕೈತಪ್ಪಿತು? ಮೊದಲೇ ಕಣ್ಣಿಗೆ ಬೀಳುವಂಥ ಸುಲಭದ ನಕ್ಷೆ ಯಾವುದಾದರೂ ಇದೆಯೇ?

ಉತ್ತರ: ಲೆಕ್ಕದ ಪ್ರಕಾರ ಕೈತಪ್ಪಿದ್ದು ಮೂರನೆಯ ಕಿರುಪರೀಕ್ಷೆಯಲ್ಲಿ. ಆದರೆ ನನ್ನನ್ನು ಕೇಳಿದರೆ, ಅರ್ಧವಾರ್ಷಿಕದ ಫಲಿತಾಂಶ ಬಂದ ದಿನವೇ ಅದು ಹೆಚ್ಚುಕಡಿಮೆ ಮುಗಿದಿತ್ತು. ನೀವು ನಂಬಿದ ಸರಾಸರಿ ಅದನ್ನು ಮುಚ್ಚಿಟ್ಟಿತು, ಅಷ್ಟೆ.

ಮೂರನೆಯ ಕಿರುಪರೀಕ್ಷೆಗೆ ಮೊದಲು ನಿಮ್ಮ ಸರಾಸರಿ ಕ್ರಮವಾಗಿ ಶೇ. 70, 75, 78, 80 ಆಗುತ್ತಾ ಬಂದಿದೆ. ಏರಿಕೆ ನಿಜ. ಆದರೆ ಸರಾಸರಿಯು ಮುಗಿದ ಪರೀಕ್ಷೆಗಳನ್ನಷ್ಟೇ ನೋಡುತ್ತದೆ. ಇನ್ನೆಷ್ಟು ಅಂಕ ಉಳಿದಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಗುರಿಯ ವಿಷಯಕ್ಕೆ ಬಂದಾಗ ಲೆಕ್ಕ ತಿರುವುಮುರುವು ಆಗಬೇಕು: ಗಳಿಸಿದ್ದನ್ನಲ್ಲ, ಕಳೆದುಕೊಂಡದ್ದನ್ನು ಎಣಿಸಬೇಕು. ನೂರರಲ್ಲಿ 85 ಬೇಕೆಂದರೆ ವರ್ಷವಿಡೀ ಕಳೆದುಕೊಳ್ಳಲು ನಿಮ್ಮ ಕೈಯಲ್ಲಿದ್ದದ್ದು 15 ಅಂಕ. ಮೊದಲ ಪರೀಕ್ಷೆ ಅದರಲ್ಲಿ 3 ನುಂಗಿತು, ಎರಡನೆಯದು 2. ಅರ್ಧವಾರ್ಷಿಕ ಒಂದೇ 6 ನುಂಗಿತು. ಅಲ್ಲಿಗೆ 11 ಖರ್ಚಾಯಿತು, ಅರ್ಧ ವರ್ಷದ ಅಂಕ ಇನ್ನೂ ಬಾಕಿ. ಪ್ರಾಜೆಕ್ಟಿನಲ್ಲಿ ಹೋದ ಒಂದು ಸೇರಿ 12, ಮೂರನೆಯ ಕಿರುಪರೀಕ್ಷೆಯ 4 ಸೇರಿ 16. ಹದಿನೈದು ದಾಟಿತು.

ನೂರರಿಂದ ಈ ನಷ್ಟವನ್ನು ಕಳೆದರೆ ಸಿಗುವುದು ಮೇಲ್ಮಿತಿ, ಅಂದರೆ ಇಲ್ಲಿಂದ ಮುಂದೆ ಎಲ್ಲದರಲ್ಲೂ ಪೂರ್ಣ ಅಂಕ ಬಂದರೆ ನೀವು ಮುಟ್ಟಬಹುದಾದ ಎತ್ತರ. ನಿಮ್ಮದು 97, 95, 89, 88, 84 ಎಂದು ಇಳಿದಿದೆ. ಸರಾಸರಿ ಏರುತ್ತಿದ್ದ ಅವೇ ತಿಂಗಳುಗಳಲ್ಲಿ ಮೇಲ್ಮಿತಿ ಒಂದು ಸಲವೂ ಮೇಲೆ ನೋಡಿಲ್ಲ.

ಇದನ್ನು ನಕ್ಷೆಯಲ್ಲಿ ನೋಡಲು ಒಂದು ಗ್ರಾಫ್ ಹಾಳೆ ಸಾಕು. ಅಡ್ಡರೇಖೆಯ ಮೇಲೆ ದಿನಾಂಕ ಬರೆಯಬೇಡಿ, ಇದುವರೆಗೆ ಮುಗಿದ ಪರೀಕ್ಷೆಗಳ ಒಟ್ಟು ಅಂಕವನ್ನು 0ಯಿಂದ 100ರವರೆಗೆ ಗುರುತಿಸಿ. ಲಂಬರೇಖೆಯ ಮೇಲೆ ನೀವು ಗಳಿಸಿದ ಒಟ್ಟು ಅಂಕ, ಅದೇ ಅಳತೆಯಲ್ಲಿ. ದಿನಾಂಕ ಹಾಕಿದರೆ 10 ಅಂಕದ ಪರೀಕ್ಷೆಯೂ 30 ಅಂಕದ್ದೂ ಒಂದೇ ಗಾತ್ರದ ಮೆಟ್ಟಿಲಿನಂತೆ ಕಾಣಬಹುದು. ನಕ್ಷೆಗಳು ಮೋಸ ಮಾಡುವುದು ಸಾಮಾನ್ಯವಾಗಿ ಇಂಥ ಕಡೆಗಳಲ್ಲೇ. ನಿಮ್ಮ ಚುಕ್ಕಿಗಳು (10, 7), (20, 15), (50, 39), (60, 48), (70, 54). ಬಲತುದಿಯಲ್ಲಿ, ಅಂದರೆ ಅಡ್ಡ 100 ಇರುವಲ್ಲಿ, 85ರ ಎತ್ತರಕ್ಕೆ ಗುರಿಯ ಚುಕ್ಕಿ ಇಡಿ. ಮೂಲೆಯಿಂದ ಮೂಲೆಗೆ ಒಂದು ಕರ್ಣರೇಖೆಯನ್ನೂ ಎಳೆಯಿರಿ. ಅದು ಪೂರ್ಣ ಅಂಕದ ಓಟ.

ಪ್ರತಿ ಫಲಿತಾಂಶದ ನಂತರ ಕೊನೆಯ ಚುಕ್ಕಿಯಿಂದ ಗುರಿಗೆ ಅಳತೆಪಟ್ಟಿ ಇಟ್ಟು ನೋಡಿ. ಪಟ್ಟಿಯ ಓರೆ ಕರ್ಣಕ್ಕಿಂತ ಕಡಿದಾಗಿದ್ದರೆ ಗುರಿ ಅಸಾಧ್ಯ, ಏಕೆಂದರೆ 10 ಅಂಕದ ಪರೀಕ್ಷೆಯಲ್ಲಿ 10ಕ್ಕಿಂತ ಹೆಚ್ಚು ಯಾರಿಗೂ ಬರುವುದಿಲ್ಲ. ನಿಮ್ಮ ಕೊನೆಯ ಚುಕ್ಕಿಯಿಂದ ಅಡ್ಡಕ್ಕೆ 30 ಹೆಜ್ಜೆ ಉಳಿದಿದ್ದರೆ, ಮೇಲಕ್ಕೆ ಬೇಕಾದದ್ದು 31.

ಇನ್ನು ಅರ್ಧವಾರ್ಷಿಕದ ವಿಷಯ. ಪೂರ್ಣ ಅಂಕದ ಕರ್ಣ ಯಾರೂ ಓಡದ ಓಟ. ಆದ್ದರಿಂದ ನಿಮ್ಮಿಂದಾಗುವ ಅತ್ಯುತ್ತಮ ಓಟದ ಓರೆಗೆ ಇನ್ನೊಂದು ಗೆರೆ ಎಳೆಯಿರಿ. ಉದಾರವಾಗಿಯೇ ಅದನ್ನು ಶೇ. 90 ಎನ್ನೋಣ. ಎರಡನೆಯ ಕಿರುಪರೀಕ್ಷೆಯ ನಂತರ ಈ ಓಟದಲ್ಲಿ ವರ್ಷದ ಕೊನೆಗೆ 87 ಮುಟ್ಟುತ್ತಿದ್ದಿರಿ. ಅರ್ಧವಾರ್ಷಿಕದ ನಂತರ 39ಕ್ಕೆ 45 ಸೇರಿ 84. ಗುರಿಗಿಂತ ಒಂದು ಕಡಿಮೆ. ಆಗ ನಿಮಗೆ ಬೇಕಿದ್ದದ್ದು ಉಳಿದ 50ರಲ್ಲಿ 46, ಅಂದರೆ ಶೇ. 92, ಅಲ್ಲಿಯವರೆಗಿನ ನಿಮ್ಮ ಅತ್ಯುತ್ತಮ ಸಾಧನೆ ಶೇ. 80. ಅಪಾಯದ ಗಂಟೆ ಎರಡು ಮೌಲ್ಯಮಾಪನಗಳಷ್ಟು ಮೊದಲೇ ಹೊಡೆದಿತ್ತು. ಈ ಎರಡನೆಯ ಗೆರೆಯನ್ನು ಆಸೆಗೆ ತಕ್ಕಂತೆ ಎಳೆಯುವುದು ಸುಲಭ, ಅದಕ್ಕೇ ವರ್ಷದ ಮೊದಲ ವಾರದಲ್ಲೇ ಪೆನ್ನಿನಲ್ಲಿ ಎಳೆದುಬಿಡಿ.

ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಮಾಡುವುದಾದರೆ, ಎರಡನೆಯ ಸಾಲಿನಿಂದ B ಕಂಬದಲ್ಲಿ ಪರೀಕ್ಷೆಯ ಗರಿಷ್ಠ ಅಂಕ, C ಕಂಬದಲ್ಲಿ ಬಂದ ಅಂಕ ತುಂಬಿ. ಮೇಲ್ಮಿತಿಗೆ D ಕಂಬದಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆದರೆ ಸಾಕು:

```
=IF(C2="",NA(),100-SUM(B$2:B2)+SUM(C$2:C2))
```

ಪ್ರಶ್ನೆಪತ್ರಿಕೆ 50 ಅಂಕದ್ದಾಗಿದ್ದು ಲೆಕ್ಕಕ್ಕೆ 10 ಮಾತ್ರ ಬರುವುದಾದರೆ, ಹತ್ತಕ್ಕೆ ಇಳಿಸಿಯೇ ತುಂಬಬೇಕು. ಮುಂದೆ ಬರುವ ಪರೀಕ್ಷೆಯ ಕೋಶ ಖಾಲಿ ಇರಲಿ. ತಪ್ಪಿಸಿಕೊಂಡ, ಮತ್ತೆ ಬರೆಯಲಾಗದ ಪರೀಕ್ಷೆಗೆ 0 ಎಂದೇ ಬರೆಯಿರಿ, ಮನಸ್ಸಿಗೆ ಎಷ್ಟೇ ಕಹಿಯಾದರೂ. ಸಾಲುಗಳು ಫಲಿತಾಂಶ ಬಂದ ಕ್ರಮದಲ್ಲಿರಬೇಕು. ಮೇಲಿನ ಸಾಲು ಖಾಲಿಯಿದ್ದು ಕೆಳಗಿನದು ತುಂಬಿದರೆ ಈ ಸೂತ್ರ ಖಾಲಿಯನ್ನು ಸೊನ್ನೆಯೆಂದು ಎಣಿಸಿ ಮೇಲ್ಮಿತಿಯನ್ನು ಸುಮ್ಮನೆ ಕೆಡವುತ್ತದೆ, ಆ ಅಂಕ ಬಂದಾಗ ಮತ್ತೆ ಎತ್ತುತ್ತದೆ. ಒಮ್ಮೆ ಇಳಿದ ಮೇಲ್ಮಿತಿ ಏರಿದ್ದು ಕಂಡರೆ ಮೊದಲು ಸಾಲುಗಳ ಕ್ರಮವನ್ನು ಅನುಮಾನಿಸಿ.

ಆದರೆ ಮೇಲ್ಮಿತಿ ನ್ಯಾಯವಾಗಿಯೇ ಏರುವ ಒಂದು ಸಂದರ್ಭವಿದೆ, ನಿಮಗೆ ಈಗ ಬೇಕಿರುವುದೂ ಅದೇ. ಕೆಲವು ಕಡೆ ಕಿರುಪರೀಕ್ಷೆಗಳಲ್ಲಿ ಉತ್ತಮವಾದ ಎರಡನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಅವುಗಳ ಸರಾಸರಿಯನ್ನು ಮೂರಕ್ಕೂ ಅನ್ವಯಿಸುವ ನಿಯಮವಿರುತ್ತದೆ. ನಿಮ್ಮಲ್ಲೂ ಹಾಗಿದ್ದರೆ 6ರ ಬದಲು 7.5 ಸಿಗುತ್ತದೆ. ಆಗ ಒಟ್ಟು 55.5, ಮೇಲ್ಮಿತಿ 85.5. ವಾರ್ಷಿಕದಲ್ಲಿ 30ಕ್ಕೆ 29.5 ಬೇಕು. ಕೂದಲೆಳೆಯಷ್ಟು ಸಾಧ್ಯ, ನೆಚ್ಚಿಕೊಳ್ಳುವಷ್ಟಲ್ಲ.

ಆ ನಿಯಮ ಇಲ್ಲದಿದ್ದರೆ ಅಳತೆಪಟ್ಟಿಯನ್ನು 85ರಿಂದ ಇಳಿಸಿ 80ಕ್ಕೆ ಇಟ್ಟು ನೋಡಿ. 30ಕ್ಕೆ 26 ಬೇಕಾಗುತ್ತದೆ, ಅರ್ಧವಾರ್ಷಿಕದಲ್ಲಿ ಬಂದದ್ದಕ್ಕಿಂತ ಎರಡೇ ಅಂಕ ಹೆಚ್ಚು.