ಮೂಳೆ ಕೂಡಿದೆ, ಆದರೂ ಕೈ ಮುಟ್ಟಲು ಬಿಡುತ್ತಿಲ್ಲ

ಪ್ರಶ್ನೆ: ಹತ್ತು ವಾರದ ಹಿಂದೆ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಇತ್ತು. ಮೂಳೆ ಚೆನ್ನಾಗಿ ಕೂಡಿದೆ ಅಂತ ಎಕ್ಸ್‌ರೇ ನೋಡಿ ಹೇಳಿದರು. ಆದರೆ ಕೈ ಊದಿಕೊಂಡಿದೆ, ಬಿಸಿಯಾಗಿದೆ, ಅಂಗಿಯ ತೋಳು ತಾಗಿದರೂ ಉರಿಯುತ್ತದೆ. ಅಂಗೈ ಬೆವರುತ್ತಲೇ ಇರುತ್ತದೆ. ಬೆರಳು ಮಡಚಲು ಆಗುತ್ತಿಲ್ಲ. ಡಾಕ್ಟರು ಸಿಆರ್‌ಪಿಎಸ್ ಇರಬಹುದು ಅಂತ ಫಿಸಿಯೋಥೆರಪಿ ಬರೆದಿದ್ದಾರೆ. ಇಷ್ಟು ನೋವಿರುವಾಗ ವ್ಯಾಯಾಮ ಮಾಡಿದರೆ ಮತ್ತೇನಾದರೂ ಮುರಿಯುವುದಿಲ್ಲವೇ? ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ಮೂಳೆ ಕೂಡಿದೆ ಎಂದು ಡಾಕ್ಟರು ಖಚಿತ ಮಾಡಿಕೊಂಡಿದ್ದರೆ, ಸರಿಯಾಗಿ ಮಾಡಿದ ವ್ಯಾಯಾಮದಿಂದ ಮತ್ತೆ ಮುರಿಯುವ ಭಯ ಬೇಡ. ಕೈಯನ್ನು ಸುಮ್ನೆ ಇಟ್ಟುಬಿಡುವುದೇ ಹೆಚ್ಚು ಅಪಾಯ. ಇನ್ನು ಸ್ಕ್ಯಾನ್. ಸಿಆರ್‌ಪಿಎಸ್ ಅಂದರೆ ಪೆಟ್ಟು ವಾಸಿಯಾದ ಮೇಲೂ ಆ ಕೈ ಅಥವಾ ಕಾಲಿನಲ್ಲಿ ಅತಿಯಾದ ನೋವು, ಊತ ಉಳಿದುಬಿಡುವ ತೊಂದರೆ. ಅದನ್ನು ಖಚಿತವಾಗಿ ತೋರಿಸುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಡಾಕ್ಟರು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿಯೇ ಇದನ್ನು ಗುರುತಿಸಬೇಕು.

ಹಾಗೆ ಗುರುತಿಸಲು ‘ಬುಡಾಪೆಸ್ಟ್ ಮಾನದಂಡ’ ಬಳಸುತ್ತಾರೆ. ಮೊದಲ ಷರತ್ತು: ಪೆಟ್ಟಿನ ಪ್ರಮಾಣಕ್ಕೆ ಮೀರಿದ ನೋವು ಬಿಡದೆ ಇರಬೇಕು. ಆಮೇಲೆ ನಾಲ್ಕು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ. ಒಂದು, ಮುಟ್ಟಿದರೆ ಅತಿಯಾದ ನೋವು. ಎರಡು, ಎರಡು ಕೈಗಳ ನಡುವೆ ಬಿಸಿ ಅಥವಾ ಬಣ್ಣದ ವ್ಯತ್ಯಾಸ. ಮೂರು, ಊತ ಅಥವಾ ಬೆವರಿನ ಬದಲಾವಣೆ. ನಾಲ್ಕು, ಚಲನೆ ಕಡಿಮೆಯಾಗುವುದು, ನಡುಕ, ಅಥವಾ ಚರ್ಮ, ಉಗುರು, ರೋಮ ಬದಲಾಗುವುದು. ರೋಗಿ ಹೇಳುವ ತೊಂದರೆಗಳು ಇವುಗಳಲ್ಲಿ ಕನಿಷ್ಠ ಮೂರು ಗುಂಪಿನಲ್ಲಿರಬೇಕು. ಪರೀಕ್ಷೆ ಮಾಡುವ ಹೊತ್ತಿಗೆ ಡಾಕ್ಟರಿಗೂ ಕನಿಷ್ಠ ಎರಡು ಗುಂಪಿನ ಲಕ್ಷಣ ಕಾಣಬೇಕು. ಕೊನೆಯದಾಗಿ, ಇದಕ್ಕಿಂತ ಚೆನ್ನಾಗಿ ಹೊಂದುವ ಬೇರೆ ಕಾರಣ ಇರಬಾರದು.

ನಿಮ್ಮ ಪತ್ರದಲ್ಲಿ ಬಟ್ಟೆ ತಾಗಿದರೆ ಉರಿ ಇದೆ, ಬಿಸಿ ಇದೆ, ಊತ ಮತ್ತು ಬೆವರು ಇದೆ, ಬೆರಳು ಮಡಚುತ್ತಿಲ್ಲ. ಅಂದರೆ ನಾಲ್ಕೂ ಗುಂಪು ಬಂದವು. ಪರೀಕ್ಷೆ ಮಾಡುವಾಗ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕಪ್ಪಾಗಿ ಅಥವಾ ಹೊಳೆಯುವಂತೆ ಕಾಣಬಹುದು. ಒಂದೇ ಕೈ ನೋಡಿ ‘ಏನೂ ಇಲ್ಲ’ ಎಂದರೆ ಆ ಮಾತನ್ನು ಒಪ್ಪಬೇಡಿ.

‘ಬೇರೆ ಕಾರಣ ಇರಬಾರದು’ ಎಂಬ ಕೊನೆಯ ಷರತ್ತು ಚಿಕ್ಕದಾಗಿ ಕಂಡರೂ ಎಡವುವುದು ಹೆಚ್ಚಾಗಿ ಅಲ್ಲೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಜಾಸ್ತಿಯಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದಕ್ಕೆ ನರದ ಪರೀಕ್ಷೆ ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು. ಜ್ವರ ಬಂದರೆ, ಕೀವು ಕಂಡರೆ ಅಥವಾ ಇಡೀ ತೋಳು ದಿಢೀರನೆ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಾಗಾದರೆ ಕೈಯೊಳಗೆ ಏನಾಗುತ್ತಿದೆ? ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ, ಆದರೆ ಕೆಲವು ಎಳೆಗಳು ಸ್ಪಷ್ಟವಾಗಿವೆ. ಮುರಿತ ವಾಸಿಯಾಗಲು ಉರಿಯೂತ ಬೇಕು. ಇಲ್ಲಿ ಅದು ಮಿತಿ ಮೀರುತ್ತದೆ. ನೋವಿನ ನರಗಳ ತುದಿಗಳು ತಾವೇ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ರಕ್ತನಾಳಗಳನ್ನು ಹಿಗ್ಗಿಸಿ ದ್ರವ ಸೋರುವಂತೆ ಮಾಡುತ್ತವೆ. ಆ ಬಿಸಿ, ಊತ ಬರುವುದು ಅಲ್ಲಿಂದ. ಕೆಲವರಿಗೆ ಮುಂದೆ ಕೈ ತಣ್ಣಗಾಗಿ ನೀಲಿಯಾಗುತ್ತದೆ, ಎಲ್ಲರಿಗೂ ಹಾಗಾಗುವುದಿಲ್ಲ.

ಎರಡನೆಯ ಎಳೆ ಬೆನ್ನುಹುರಿ ಮತ್ತು ಮಿದುಳಿನದು. ನೋವಿನ ಸುದ್ದಿ ಎಡೆಬಿಡದೆ ಬಂದಾಗ ಅವು ಅತಿ ಸೂಕ್ಷ್ಮವಾಗುತ್ತವೆ. ಮಾಮೂಲಿ ಸ್ಪರ್ಶವೂ ನೋವಾಗಿ ದಾಖಲಾಗುತ್ತದೆ. ಆ ಕೈ ‘ನನ್ನದಲ್ಲ’ ಅನ್ನಿಸುತ್ತದೆ ಎಂದು ಹೇಳುವವರಿದ್ದಾರೆ. ಚಿತ್ರದಲ್ಲಿರುವುದು ಎಡಗೈಯೋ ಬಲಗೈಯೋ ಎಂದು ಗುರುತಿಸಲೂ ಇವರಲ್ಲಿ ಹಲವರಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ. ಇದು ಹುಚ್ಚೂ ಅಲ್ಲ, ನಾಟಕವೂ ಅಲ್ಲ.

ಮೂರನೆಯ ಎಳೆಯೇ ನಿಮ್ಮ ಪ್ರಶ್ನೆಗೆ ಹತ್ತಿರ. ಆರೋಗ್ಯವಾಗಿರುವವರ ಕೈಗೆ ಕೆಲವು ವಾರ ಪ್ಲಾಸ್ಟರ್ ಹಾಕಿ ನೋಡಿದಾಗಲೂ ಬಿಗಿತ, ಅಲುಗಾಡಿಸಿದರೆ ನೋವು, ಚರ್ಮದ ಬಿಸಿಯಲ್ಲಿ ವ್ಯತ್ಯಾಸ ಕಂಡಿವೆ. ಅಂದರೆ ಅಲುಗಾಡದಿರುವುದೇ ಈ ರೋಗದ ಕೆಲವು ಲಕ್ಷಣಗಳನ್ನು ತಂದಿಡುತ್ತದೆ. ನೋವೆಂದು ಕೈ ಎದೆಗೆ ಒತ್ತಿಕೊಂಡರೆ ಆ ಸುತ್ತು ಮುಂದುವರಿಯುತ್ತದೆ.

ಹಾಗಂತ ಯಾರಾದರೂ ಬಲವಂತವಾಗಿ ಬೆರಳು ಮಡಚಿದರೆ ಕೆಲಸ ಕೆಡುತ್ತದೆ. ಚಲನೆ ನಿಮ್ಮ ಕೈಯಿಂದಲೇ, ನಿಮ್ಮ ಬಲದಿಂದಲೇ ಆಗಬೇಕು. ಎಷ್ಟು ಮಾಡಬೇಕು ಎಂಬುದನ್ನು ಆ ಹೊತ್ತಿನ ನೋವು ತೀರ್ಮಾನಿಸಬಾರದು, ಮೊದಲೇ ಗೊತ್ತುಮಾಡಿದ ಲೆಕ್ಕ ತೀರ್ಮಾನಿಸಬೇಕು. ಕೆಟ್ಟ ದಿನದಲ್ಲೂ ಮಾಡಲಾಗುವಷ್ಟನ್ನು ಹುಡುಕಿ. ಬೆರಳು ಮಡಚಿ ಬಿಡಿಸುವುದು ಕೆಟ್ಟ ದಿನದಲ್ಲಿ ಹತ್ತು ಸಲ ಆಗುವುದಾದರೆ ಎಂಟರಿಂದ ಶುರು ಮಾಡಿ. ಒಳ್ಳೆಯ ದಿನವೂ ಎಂಟೇ. ಮೂರ್ನಾಲ್ಕು ದಿನಕ್ಕೆ ಒಂದು ಸೇರಿಸಿ. ಮಾಡಿದ ಮೇಲೆ ನೋವು ಏರಿ ಮರುದಿನ ಬೆಳಿಗ್ಗೆಗೆ ಹಿಂದಿನ ಮಟ್ಟಕ್ಕೆ ಇಳಿದರೆ ಲೆಕ್ಕ ಸರಿ. ಇಳಿಯದಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ, ನಿಲ್ಲಿಸಬೇಡಿ.

ಇದರ ಜೊತೆಗೆ ಚರ್ಮಕ್ಕೂ ಪಾಠ ಬೇಕು. ನೋವಿನ ಜಾಗದ ಅಂಚಿನಿಂದ ಮೆತ್ತನೆಯ ಬಟ್ಟೆಯನ್ನು ಮೆಲ್ಲಗೆ ಸವರಿ. ಅದು ಸಹ್ಯವಾದ ಮೇಲೆ ಒರಟು ಟವೆಲ್. ಐದೈದು ನಿಮಿಷ, ದಿನಕ್ಕೆ ಕೆಲವು ಸಲ. ಕೂತಾಗ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ದಿಂಬಿನ ಮೇಲಿಟ್ಟರೆ ಊತಕ್ಕೆ ಅನುಕೂಲ.

ಇಷ್ಟೂ ಕಷ್ಟ ಅನ್ನಿಸುವವರಿಗೆ ಮಿದುಳಿನಿಂದ ಶುರು ಮಾಡುವ ದಾರಿ ಇದೆ. ಮೊದಲು ಕೈಗಳ ಚಿತ್ರ ನೋಡಿ ಎಡ-ಬಲ ಗುರುತಿಸುವುದು. ಆಮೇಲೆ ಕೈ ಅಲುಗಾಡಿಸದೆ, ಅಲುಗಾಡಿದಂತೆ ಮನಸ್ಸಿನಲ್ಲಿ ಊಹಿಸುವುದು. ಕೊನೆಗೆ ಕನ್ನಡಿ. ನೋವಿನ ಕೈ ಕನ್ನಡಿಯ ಹಿಂದೆ, ಒಳ್ಳೆಯ ಕೈ ಮುಂದೆ. ಪ್ರತಿಬಿಂಬ ನೋಡುತ್ತಾ ಎರಡನ್ನೂ ಮೆಲ್ಲಗೆ ಅಲುಗಾಡಿಸುತ್ತೀರಿ. ಒಂದೊಂದಕ್ಕೆ ಸುಮಾರು ಎರಡು ವಾರ. ಅವಸರದಲ್ಲಿ ನೇರವಾಗಿ ಕನ್ನಡಿಗೆ ಹೋದರೆ ಕೆಲವರಿಗೆ ನೋವು ಹೆಚ್ಚುತ್ತದೆ, ಹಾಗಾಗಿ ಕ್ರಮ ತಪ್ಪಿಸಬೇಡಿ.

ಔಷಧಿಗಳ ಪಾತ್ರ ಈ ವ್ಯಾಯಾಮ ಸಾಧ್ಯವಾಗುವಂತೆ ಮಾಡುವುದು. ನಿಮ್ಮಂತೆ ಶುರುವಿನ, ಬಿಸಿಯಾದ ಹಂತದಲ್ಲಿ ಕೆಲ ಕಾಲ ಸ್ಟೀರಾಯ್ಡ್ ಮಾತ್ರೆ ಅಥವಾ ಬಿಸ್ಫಾಸ್ಫೊನೇಟ್ ಎಂಬ ಮೂಳೆಯ ಔಷಧಿ ಕೆಲವರಿಗೆ ಉಪಯೋಗವಾಗಿದೆ. ಕೊಡಬೇಕೇ ಎಂದು ನಿಮ್ಮ ಡಾಕ್ಟರೇ ನಿರ್ಧರಿಸಬೇಕು. ನರಕ್ಕೆ ಹಾಕುವ ಬ್ಲಾಕ್ ಇಂಜೆಕ್ಷನ್ ಮೊದಲೇ ಹಾಕಿಸಿಕೊಳ್ಳಲು ನಾನು ಹೇಳುವುದಿಲ್ಲ. ಅದಕ್ಕೆ ಗಟ್ಟಿ ಆಧಾರ ಕಡಿಮೆ.

ಸುಧಾರಣೆ ಅಳೆಯಲು ನೋವಿನ ಅಂಕ ಒಂದನ್ನೇ ನಂಬಬೇಡಿ. ನೋವು ನಿಧಾನವಾಗಿ ಇಳಿಯುತ್ತದೆ, ಕೈಯ ಕೆಲಸ ಅದಕ್ಕಿಂತ ಮೊದಲೇ ಸುಧಾರಿಸಬಹುದು. ವಾರಕ್ಕೊಮ್ಮೆ ಬೆರಳು ಮಡಚಿ, ನಡುಬೆರಳ ತುದಿಗೂ ಅಂಗೈಗೂ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ. ನಾಲ್ಕು ವಾರವಾದರೂ ಆ ಅಂತರ ಕಡಿಮೆಯಾಗದಿದ್ದರೆ, ಬರೆದದ್ದನ್ನು ಹಿಡಿದು ನೋವು ಚಿಕಿತ್ಸಾ ತಜ್ಞರಲ್ಲಿಗೆ ಕಳಿಸಿ ಎಂದು ನಿಮ್ಮ ಡಾಕ್ಟರನ್ನು ಕೇಳಿ.